ದೂರು ಯಾರ ಮುಂದೆ?

ಹಣ ಕೊಟ್ಟು ಪಡೆಯುವ ಸೇವೆಯಲ್ಲಿ ಲೋಪವಾದಾಗ ನಮ್ಮ ಮುಂದೆ ಎರಡು ದಾರಿಗಳಿರುತ್ತವೆ. ಸಂಬಂಧಪಟ್ಟವರಿಗೆ ನೇರವಾಗಿ ದೂರು ಕೊಡುವುದು ಒಂದು. ನಾಲ್ಕು ಜನ ಓದುವಂತೆ ಬಹಿರಂಗವಾಗಿ ವಿಮರ್ಶೆ ಬರೆಯುವುದು ಮತ್ತೊಂದು. ಯಾವಾಗ ಯಾವುದು ತಕ್ಕದ್ದು ಎಂಬುದನ್ನು ನನಗೆ ಕಲಿಸಿದ್ದು ಒಂದು ಎ.ಟಿ.ಎಂ. ಯಂತ್ರ.

ಕಳೆದ ಏಪ್ರಿಲ್ 3ರ ಸಂಜೆ, ಪರೀಕ್ಷಾ ಶುಲ್ಕಕ್ಕೆಂದು ಬಸ್ ನಿಲ್ದಾಣದ ಬಳಿಯ ಯಂತ್ರದಲ್ಲಿ 2,000 ರೂಪಾಯಿ ತೆಗೆಯಲು ಹೋದೆ. ಯಂತ್ರ ಗರಗರನೆ ಸದ್ದು ಮಾಡಿತು. ಚೀಟಿ ಬಂತು, ನೋಟು ಬರಲಿಲ್ಲ. ಖಾತೆಯಿಂದ ಹಣ ಕಳೆದ ಸಂದೇಶ ಮಾತ್ರ ತಪ್ಪದೆ ಬಂತು. ಶುಲ್ಕ ಕಟ್ಟಲು ಉಳಿದಿದ್ದುದು ಮೂರೇ ದಿನ. ಕೋಣೆಯ ಗೆಳೆಯನಿಂದ ಸಾಲ ಪಡೆದು ಶುಲ್ಕವನ್ನೇನೋ ಕಟ್ಟಿದೆ. ಆದರೆ ಕೋಪ ಇಳಿಯಲಿಲ್ಲ. “ಸುಮ್ಮನಿರಬೇಡ ಕಣೋ, ಆ ಬ್ಯಾಂಕಿನ ಹೆಸರಿನ ಕೆಳಗೆ ಒಂದೇ ನಕ್ಷತ್ರ ಕೊಟ್ಟು ಎಲ್ಲರಿಗೂ ತಿಳಿಯುವಂತೆ ಬರೆ” ಎಂದ ಗೆಳೆಯ. ‘ಹಗಲುಗಳ್ಳರು’ ಎಂಬ ಪದದಿಂದಲೇ ಬರೆಯಲು ಆರಂಭಿಸಿದೆ.

ಅದನ್ನು ಅರ್ಥಶಾಸ್ತ್ರದ ಮೇಷ್ಟ್ರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಂತ್ರ ಯಾರದ್ದಾದರೂ ಇರಲಿ, ನಿನ್ನ ಕಾರ್ಡು ಯಾವ ಬ್ಯಾಂಕಿನದಪ್ಪಾ?”

ನಾನು ತಬ್ಬಿಬ್ಬಾದೆ. ಯಂತ್ರ ಒಂದು ಬ್ಯಾಂಕಿನದು, ನನ್ನ ಖಾತೆ ಇನ್ನೊಂದರಲ್ಲಿ. ಇಂಥ ಸಂದರ್ಭದಲ್ಲಿ ದೂರು ಸಲ್ಲಬೇಕಾದುದು ಕಾರ್ಡು ಕೊಟ್ಟ ಬ್ಯಾಂಕಿಗೆ. ಅಲ್ಲಿಂದ ವಿಚಾರಣೆ ಯಂತ್ರದ ಬ್ಯಾಂಕಿಗೆ ಹೋಗುತ್ತದೆ. ಅವರು ಯಂತ್ರದ ದಾಖಲೆಯನ್ನೂ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಉಳಿದ ನಗದನ್ನೂ ತಾಳೆ ನೋಡುತ್ತಾರೆ. ನನ್ನ ವಿಮರ್ಶೆಯನ್ನು ಊರೆಲ್ಲ ಓದಿದ್ದರೂ ಹಣ ಹಿಂದಿರುಗಿಸಬೇಕಾದವರ ಕೈಗೆ ಅದು ಸೇರುತ್ತಿರಲಿಲ್ಲ. ಮೇಲಾಗಿ, ಅಂಥ ಬರಹದಲ್ಲಿ ಫೋನ್ ಸಂಖ್ಯೆ ಹಾಕಿದವರಿಗೆ ಬ್ಯಾಂಕಿನವರ ಸೋಗಿನಲ್ಲಿ ಕರೆ ಮಾಡಿ ಗುಟ್ಟಿನ ಸಂಖ್ಯೆ ಕೇಳುವ ವಂಚಕರೂ ಉಂಟು.

ಮರುದಿನವೇ ನನ್ನ ಬ್ಯಾಂಕಿಗೆ ಅರ್ಜಿ ಬರೆದೆ. ದಿನಾಂಕ, ವೇಳೆ, ಮೊತ್ತ, ಯಂತ್ರದ ಸಂಖ್ಯೆ, ಚೀಟಿಯ ಮೇಲಿದ್ದ ವ್ಯವಹಾರ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು; ಇಷ್ಟೆ. ಚೀಟಿಯ ನಕಲನ್ನು ಲಗತ್ತಿಸಿ, ದೂರಿನ ಸಂಖ್ಯೆ ಕೇಳಿ ಪಡೆದೆ. ರಿಸರ್ವ್ ಬ್ಯಾಂಕು 2019ರಲ್ಲಿ ಹೊರಡಿಸಿದ ಆದೇಶದಂತೆ, ಹೀಗೆ ಕಳೆದ ಹಣವನ್ನು ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ನನ್ನ ಗಡುವು ಏಪ್ರಿಲ್ 8ಕ್ಕೆ ಮುಗಿಯಿತು. ಹಣ ಬಂದದ್ದು 17ರಂದು. 9ರಿಂದ 17ರವರೆಗೆ ಒಂಬತ್ತು ದಿನ, ಅಂದರೆ 900 ರೂಪಾಯಿ. ಕೇಳದಿದ್ದರೂ ಕೊಡಬೇಕಾದ ಈ ಹಣ ಬಂದಿರಲಿಲ್ಲ. ಹಳೆಯ ದೂರಿನ ಸಂಖ್ಯೆಯನ್ನೂ ಈ ಲೆಕ್ಕವನ್ನೂ ಕಾಣಿಸಿ ಎರಡನೆಯ ಪತ್ರ ಬರೆದೆ. ವಾರದೊಳಗೆ ಅದೂ ಬಂತು; ಗೆಳೆಯನ ಸಾಲ ತೀರಿತು.

ಬಾರದೆ ಹೋಗಿದ್ದರೆ? ಬ್ಯಾಂಕು ದೂರನ್ನು ತಳ್ಳಿಹಾಕಿದರೆ, ಅಥವಾ 30 ದಿನಗಳಾದರೂ ಉತ್ತರಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ಮೊರೆಯಿಡಬಹುದು. ಆದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟಿರಬೇಕು. ಎಷ್ಟೇ ಖಾರವಾಗಿ ಬರೆದರೂ ಬಹಿರಂಗ ವಿಮರ್ಶೆ ಆ ದೂರಿನ ಸ್ಥಾನದಲ್ಲಿ ನಿಲ್ಲಲಾರದು.

ಹಾಗಾದರೆ ವಿಮರ್ಶೆ ವ್ಯರ್ಥವೇ? ಅಲ್ಲ. ಜೂನ್ ತಿಂಗಳಲ್ಲಿ ಅದೇ ಯಂತ್ರ ನಮ್ಮ ವಸತಿನಿಲಯದ ಇನ್ನಿಬ್ಬರಿಗೆ ಹೀಗೆಯೇ ಮಾಡಿತು. ಅವರೂ ತಮ್ಮ ತಮ್ಮ ಬ್ಯಾಂಕುಗಳಿಗೆ ದೂರು ಕೊಟ್ಟು ಹಣ ಪಡೆದರು. ನಾನು ಯಂತ್ರದ ಬ್ಯಾಂಕಿಗೂ ಒಂದು ಪತ್ರ ಬರೆದು ಹದಿನೈದು ದಿನ ಕಾದೆ. ಉತ್ತರವೂ ಇಲ್ಲ, ದುರಸ್ತಿಯೂ ಇಲ್ಲ. ಈಗ ಪ್ರಶ್ನೆ ನನ್ನ ಹಣದ್ದಾಗಿರಲಿಲ್ಲ, ನಾಳೆ ಅಲ್ಲಿಗೆ ಹೋಗುವವರದ್ದಾಗಿತ್ತು. ಆಗ ಬಹಿರಂಗವಾಗಿ ಬರೆದೆ: “ಈ ಯಂತ್ರದಲ್ಲಿ ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ಮೂವರಿಗೆ ಹಣ ಬರದೆ ಖಾತೆಯಲ್ಲಿ ಕಳೆಯಿತು. ಮೂವರಿಗೂ ಹಣ ಮರಳಿದೆ. ಬಳಸುವವರು ಚೀಟಿಯನ್ನು ಇಟ್ಟುಕೊಳ್ಳಿ.” ಹಗಲುಗಳ್ಳರೆಂಬ ಮಾತನ್ನು ಬಿಟ್ಟೆ. ಯಂತ್ರ ಕೆಟ್ಟದ್ದು ನಾನು ಕಂಡ ಸಂಗತಿ. ಕಳ್ಳತನ ನಾನು ಕಂಡದ್ದಲ್ಲ, ಊಹಿಸಿದ್ದು. ಊಹೆಯಿಂದ ಒಬ್ಬರ ಮಾನಕ್ಕೆ ಕುಂದು ತಂದರೆ ಮಾನನಷ್ಟದ ಮೊಕದ್ದಮೆಗೆ ಗುರಿಯಾಗುವವನು ಬರೆದವನೇ.

ಆದುದರಿಂದ ಬರೆಯುವ ಮುನ್ನ ಈಗ ನಾನು ನೋಡಿಕೊಳ್ಳುವುದು ಇಷ್ಟು: ಇದನ್ನು ಓದಬೇಕಾದವರು ಯಾರು? ನನ್ನ ನಷ್ಟವನ್ನು ತುಂಬಬಲ್ಲವರಾದರೆ ಅದು ದೂರು. ಅದೇ ನಷ್ಟಕ್ಕೆ ಒಳಗಾಗಬಹುದಾದ ಅಪರಿಚಿತರಾದರೆ ಅದು ವಿಮರ್ಶೆ. ಇಬ್ಬರೂ ಓದಬೇಕಾಗಿದ್ದರೆ ದೂರು ಮೊದಲು, ಅದರ ಫಲವನ್ನು ಕಂಡ ಮೇಲೆ ವಿಮರ್ಶೆ. ಆ ಏಪ್ರಿಲ್ ಚೀಟಿ ಈಗಲೂ ನನ್ನ ಪುಸ್ತಕದೊಳಗಿದೆ, ಅಕ್ಷರಗಳು ಮಾಸುತ್ತಿವೆ. ನಕಲು ತೆಗೆಸಿಟ್ಟದ್ದು ಒಳ್ಳೆಯದಾಯಿತು.