ಸಾವಿನ ಮನೆಯಲ್ಲಿ ಚುಚ್ಚುಮಾತು ಬಂದಾಗ

ತುಮಕೂರು ಕಡೆಯ ಒಂದು ಮನೆ. ನಿವೃತ್ತ ಮೇಷ್ಟ್ರು ತೀರಿಕೊಂಡು ಮೂರನೇ ದಿನ, ಹಾಲುತುಪ್ಪ ಮುಗಿಸಿ ಎಲ್ಲರೂ ಮನೆಗೆ ಬಂದಿದ್ದರು. ಎರಡು ದಿನದಿಂದ ಇದ್ದ ಎದೆಯುರಿಯನ್ನು ಗ್ಯಾಸ್ ಅಂದುಕೊಂಡು ಮಾತ್ರೆ ನುಂಗಿದ್ದ ಅವರಿಗೆ ರಾತ್ರಿ ಹೃದಯಾಘಾತವಾಗಿತ್ತು. ನಡುಮನೆಯಲ್ಲಿ ಕೂತಿದ್ದ ಸೋದರತ್ತೆ, ಮೇಷ್ಟ್ರ ಮಗಳನ್ನು ನೋಡಿ, "ಎದೆ ಉರಿ ಅಂದಾಗ್ಲೇ ಇಸಿಜಿ ಮಾಡಿಸಬೇಕಿತ್ತು ಕಣಮ್ಮ. ಓದಿದೋಳು ನೀನು, ನಿಂಗೂ ಗೊತ್ತಾಗ್ಲಿಲ್ವಾ?" ಎಂದರು.

ಮಗಳು ಎದ್ದು ಒಳಗೆ ಹೋದಳು. ಡಾಕ್ಟರ ಚೀಟಿ ತಂದಳು. ಅಪ್ಪನಿಗೆ ಎಷ್ಟೆಷ್ಟು ಹೊತ್ತಿಗೆ ಫೋನ್ ಮಾಡಿದ್ದೆ ಎಂದು ಮೊಬೈಲ್ ತೆರೆದು ತೋರಿಸಿದಳು. ಅತ್ತೆ ಚೀಟಿ ನೋಡಿ, "ಈ ಡಾಕ್ಟ್ರ ಹತ್ರ ಯಾಕೆ ಹೋದ್ರಿ?" ಎಂದರು. ಅದಕ್ಕೆ ಉತ್ತರ ಕೊಟ್ಟಾಗ, "ಆಂಬುಲೆನ್ಸ್ ಎಷ್ಟೊತ್ತಿಗೆ ಬಂತು?" ಎಂಬ ಪ್ರಶ್ನೆ ಬಂತು. ಅದಾದ ಮೇಲೆ, "ಅಳಿಯಂದ್ರು ಊರಲ್ಲಿರಲಿಲ್ವಾ?" ಅಳಿಯನಿಗೆ ಸಿಟ್ಟು ಬಂತು, ಅತ್ತೆಯ ಮಗನೂ ದನಿ ಏರಿಸಿದ. ಊಟದ ಹೊತ್ತಿಗೆ ಎರಡು ಕಡೆಯವರು ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ.

ಇಂಥ ಜಗಳದ ಬಗ್ಗೆ ಕೇಳಿದವರು ತಪ್ಪನ್ನೆಲ್ಲ ಅತ್ತೆಯ ಮೇಲೆ ಹಾಕುತ್ತಾರೆ. ಮಾತು ಚುಚ್ಚಿದ್ದು ನಿಜ. ಆದರೆ ಆ ಒಂದು ಮಾತು ಜಗಳವಾಗಿ ಬೆಳೆದದ್ದು ಚೀಟಿ ಹೊರಗೆ ಬಂದಾಗ. ಸಾವಿನ ಮನೆಯವರು ಮತ್ತೆ ಮತ್ತೆ ಎಡವುವುದು ಇಲ್ಲಿಯೇ.

ಮೊದಲು ಮಾಡಬೇಕಾದ ಕೆಲಸವೊಂದಿದೆ. ಅಂತ್ಯಕ್ರಿಯೆ ಮುಗಿದ ಸಂಜೆಯೇ ಮನೆಯವರು ಐದು ನಿಮಿಷ ಕೂತು, ಸಾವು ಹೇಗಾಯಿತು ಎಂಬುದನ್ನು ಎರಡು ವಾಕ್ಯದಲ್ಲಿ ಗೊತ್ತು ಮಾಡಿಕೊಳ್ಳಬೇಕು. "ಭಾನುವಾರ ರಾತ್ರಿ ಎದೆನೋವು ಬಂತು. ಆಸ್ಪತ್ರೆಗೆ ಹೋಗೋ ದಾರೀಲೇ ಹೋಗ್ಬಿಟ್ರು." ಇಷ್ಟು ಸಾಕು. ಮಗ, ಮಗಳು, ಸೊಸೆ, ತಮ್ಮ ಎಲ್ಲರೂ ಇದನ್ನೇ ಹೇಳಬೇಕು. ಒಬ್ಬರು ಎರಡು ದಿನದಿಂದ ಹುಷಾರಿರಲಿಲ್ಲ ಎಂದು, ಇನ್ನೊಬ್ಬರು ಸಂಜೆಯವರೆಗೂ ಚೆನ್ನಾಗೇ ಇದ್ದರು ಎಂದು ಹೇಳಿದರೆ, ಆ ಎರಡು ಮಾತಿನ ನಡುವಿನ ಜಾಗದಲ್ಲಿ ಕತೆ ಹುಟ್ಟುತ್ತದೆ. ಜೊತೆಗೆ, ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಈ ಎರಡು ವಾಕ್ಯ ಹೇಳಿ ಒಳಗೆ ಕಳಿಸಲು ಒಬ್ಬರಿರಬೇಕು. ಅದು ಗಂಡನನ್ನು ಕಳೆದುಕೊಂಡ ಹೆಂಗಸೂ ಆಗಬಾರದು, ಹೆತ್ತವರನ್ನು ಕಳೆದುಕೊಂಡ ಮಕ್ಕಳೂ ಆಗಬಾರದು. ಚಿಕ್ಕಪ್ಪನ ಮಗ, ಪಕ್ಕದ ಮನೆಯವರು, ಹಳೆಯ ಸಹೋದ್ಯೋಗಿ, ಯಾರಾದರೂ ಆದೀತು. ಬಂದವರಿಗೆಲ್ಲ ಅದೇ ಕತೆ ಹೇಳಿ ಹೇಳಿ ತಾಯಿ ಸಂಜೆಗೆ ಸೋತು ಒರಗುವುದನ್ನು ತಪ್ಪಿಸುವ ಉಪಾಯ ಇದು.

ಎರಡನೆಯದು, ಮಾತಿನ ಜಾತಿ ಗುರುತಿಸುವುದು. "ಪುಣ್ಯವಂತ, ನರಳದೆ ಹೋದ", "ವಯಸ್ಸಾಗಿತ್ತು ಬಿಡಿ", "ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ" ಎನ್ನುವವರು ಏನು ಹೇಳಬೇಕೆಂದು ತೋಚದೆ ರೂಢಿಯ ಮಾತು ಹೇಳುತ್ತಿರುತ್ತಾರೆ. ಮಗನನ್ನು ಕಳೆದುಕೊಂಡವರ ಕಿವಿಗೆ ಅದು ಕೆಂಡವೇ ಸರಿ. ಆದರೂ ತಲೆಯಾಡಿಸಿ ಬಿಟ್ಟುಬಿಡುವುದೇ ಒಳ್ಳೆಯದು. ದೂರುವ ಮಾತು ಮತ್ತು ವಿಚಾರಣೆಯ ಮಾತು ಬೇರೆ. ಅದನ್ನು ಗುರುತಿಸುವುದು ಸುಲಭ: ತೋಚದೆ ಆಡಿದವರು ಒಂದು ಉತ್ತರಕ್ಕೆ ಸುಮ್ಮನಾಗುತ್ತಾರೆ, ವಿಚಾರಣೆಗೆ ಕೂತವರು ಅದೇ ಪ್ರಶ್ನೆಯನ್ನು ಇನ್ನೊಂದು ಮಗ್ಗುಲಿನಿಂದ ಮತ್ತೆ ಕೇಳುತ್ತಾರೆ. ಎರಡನೇ ಪ್ರಶ್ನೆ ಬಂದ ಕೂಡಲೇ ಎಚ್ಚರಾಗಬೇಕು.

ಎಚ್ಚರಾದವರು ಸಾಮಾನ್ಯವಾಗಿ ಮಾಡುವುದು ಸಮಜಾಯಿಷಿ. ಅದೇ ತಪ್ಪು. ಪೂರ್ತಿ ವಿವರ ಗೊತ್ತಾದರೆ ಎದುರಿನವರು ಒಪ್ಪಿಕೊಳ್ಳುತ್ತಾರೆ ಎಂದು ದುಃಖದಲ್ಲಿದ್ದವರು ನಂಬಿರುತ್ತಾರೆ. ಅವರು ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. 1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ ಒಂದು ಪ್ರಯೋಗ ಪ್ರಕಟಿಸಿದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವಿವರವನ್ನು ಜನರಿಗೆ ಓದಲು ಕೊಟ್ಟು, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಫಲಿತಾಂಶ ಹೇಳಿದರು. ತಮಗೆ ಹೇಳಿದ ಫಲಿತಾಂಶವೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತು ಎಂದು ಆಯಾ ಗುಂಪಿನವರಿಗೆ ಅನ್ನಿಸಿತು. ಕೊನೆ ಗೊತ್ತಾದ ಮೇಲೆ ಮನಸ್ಸು ನಡೆಯುವುದೇ ಹೀಗೆ. ಮೇಷ್ಟ್ರು ಸತ್ತದ್ದು ಗೊತ್ತಿರುವ ಅತ್ತೆಗೆ ಎರಡು ದಿನದ ಎದೆಯುರಿ ಸ್ಪಷ್ಟ ಸೂಚನೆಯಾಗಿ ಕಾಣುತ್ತದೆ. ಅದನ್ನು ಅನುಭವಿಸುತ್ತಿದ್ದ ದಿನ ಮನೆಯವರಿಗೆ ಅದು ಬರೀ ಗ್ಯಾಸ್ ಆಗಿತ್ತು. ಎಷ್ಟು ಚೀಟಿ ತೋರಿಸಿದರೂ ಈ ಅಂತರ ಮುಚ್ಚುವುದಿಲ್ಲ. ತೋರಿಸಿದ ಪ್ರತಿ ಕಾಗದವೂ ಹೊಸ ಪ್ರಶ್ನೆಗೆ ದಾರಿ ಕೊಡುತ್ತದೆ.

ಸಮಜಾಯಿಷಿಯಲ್ಲಿ ಇನ್ನೊಂದು ಅಪಾಯವಿದೆ. ಎದುರಿನವರ ಮಾತಿಗೆ ಸೋತು, "ಹೌದು ಅತ್ತೆ, ನಮ್ದೇ ತಪ್ಪಾಯ್ತು" ಎಂದು ಅತ್ತುಬಿಡುವವರುಂಟು. ಆ ಕ್ಷಣಕ್ಕೆ ಜಗಳ ತಪ್ಪುತ್ತದೆ. ಆದರೆ ಹನ್ನೊಂದನೇ ದಿನದ ಹೊತ್ತಿಗೆ ಅದು ನೆಂಟರಿಷ್ಟರಲ್ಲೆಲ್ಲ ಹರಡಿ, "ಅವಳೇ ಒಪ್ಕೊಂಡ್ಲಂತೆ" ಎಂದಾಗುತ್ತದೆ. ಒಳಕೋಣೆಯಲ್ಲಿ ಮಲಗಿರುವ ತಾಯಿಯ ಕಿವಿಗೂ ಬೀಳುತ್ತದೆ. ಮಾಡದ ತಪ್ಪನ್ನು ಯಾರೂ ಸಾವಿನ ಮನೆಯಲ್ಲಿ ಒಪ್ಪಿಕೊಳ್ಳಬಾರದು, ಸಮಾಧಾನಕ್ಕಾಗಿಯೂ ಒಪ್ಪಿಕೊಳ್ಳಬಾರದು.

ಹಾಗಾದರೆ ಏನು ಹೇಳುವುದು? ತುಮಕೂರಿನ ಮನೆಯಲ್ಲೇ ತಿಥಿಯ ದಿನ ಅತ್ತೆ ಅದೇ ಮಾತು ಎತ್ತಿದರು. ಅಷ್ಟರೊಳಗೆ ಮಗಳಿಗೆ ಅವಳ ಚಿಕ್ಕಮ್ಮ ಉತ್ತರ ಹೇಳಿಕೊಟ್ಟಿದ್ದರು. "ನಮ್ಗೂ ಅದೇ ಸಂಕಟ ಅತ್ತೆ. ನಿಮ್ಮ ಬೆನ್ನಿಗೆ ಬಿದ್ದ ತಮ್ಮ, ನಿಮ್ಗಿನ್ನೆಷ್ಟು ನೋವಾಗಿರ್ಬೇಡ. ಬನ್ನಿ, ಅಮ್ಮ ಒಬ್ರೇ ಕೂತಿದಾರೆ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅತ್ತೆ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ಇಸಿಜಿ ವಿಷಯ ಮತ್ತೆ ಬರಲಿಲ್ಲ.

ಆ ಉತ್ತರದಲ್ಲಿ ಏನಿದೆ, ಏನಿಲ್ಲ ಎಂದು ಗಮನಿಸಬೇಕು. ಮೊದಲು ಸಂಬಂಧದ ಹೆಸರಿದೆ, ಅದರಿಂದ ದನಿ ತಾನಾಗಿ ತಗ್ಗುತ್ತದೆ. ಸಂಕಟ ಇಬ್ಬರದೂ ಎಂಬ ಒಂದು ಮಾತಿದೆ. ಕೊನೆಗೆ ಜಾಗ ಬದಲಿಸುವ ಕೆಲಸವಿದೆ. "ಆದ್ರೆ", "ಅದು ಹಂಗಲ್ಲ", "ನೀವೇನು ಬಂದು ನೋಡಿದ್ರಾ" ಎಂಬ ಮೂರೂ ಇಲ್ಲ. ತಪ್ಪೊಪ್ಪಿಗೆಯೂ ಇಲ್ಲ. ಅತ್ತೆ ಕಳೆದುಕೊಂಡದ್ದು ಜೊತೆಗೆ ಆಡಿ ಬೆಳೆದ ತಮ್ಮನನ್ನು. ದೂರುವವರಲ್ಲಿ ಹಲವರಿಗೆ ತಮ್ಮ ದುಃಖ ಇಳಿಸಲು ಯಾರಾದರೂ ಒಬ್ಬ ತಪ್ಪಿತಸ್ಥ ಬೇಕಾಗಿರುತ್ತಾನೆ. ದುಃಖವನ್ನು ಮುಟ್ಟಿ ಮಾತಾಡಿದರೆ ದೂರು ಸಡಿಲವಾಗುತ್ತದೆ. ದೂರದ ನೆಂಟರಾಗಿದ್ದು, ದುಃಖಕ್ಕಿಂತ ಕುತೂಹಲವೇ ಹೆಚ್ಚಿದ್ದರೆ, "ಈಗ ಅದನ್ನ ಮಾತಾಡೋಕೆ ನಮ್ಗೆ ಶಕ್ತಿ ಇಲ್ಲ ಮಾವ, ಕಾಫಿ ತಗೊಳ್ಳಿ" ಎಂಬಷ್ಟೇ ಸಾಕು. ಮತ್ತೆ ಕೇಳಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬೇಕು. ಹೊಸ ಮಾತು ಸೇರಿಸಬಾರದು.

ಮನಸ್ಸಿನಲ್ಲಿ ಉಳಿದ ಸಿಟ್ಟನ್ನು ಎಲ್ಲಿಗೆ ಒಯ್ಯುವುದು ಎಂಬುದಕ್ಕೂ ಒಂದು ಕ್ರಮವಿದೆ. ಅಮೆರಿಕದ ಮನೋವಿಜ್ಞಾನಿ ಸೂಸನ್ ಸಿಲ್ಕ್, ಬ್ಯಾರಿ ಗೋಲ್ಡ್‌ಮನ್ ಜೊತೆ ಸೇರಿ 2013ರಲ್ಲಿ ಪತ್ರಿಕೆಯೊಂದರಲ್ಲಿ ಬರೆದ ಸಲಹೆ ಇಲ್ಲಿ ಒದಗುತ್ತದೆ. ಹೆಚ್ಚು ನೊಂದವರನ್ನು ನಡುವೆ ಇಟ್ಟು ಸುತ್ತ ವೃತ್ತಗಳನ್ನು ಎಳೆಯಬೇಕು, ಸಾಂತ್ವನ ಒಳಗಿನ ವೃತ್ತದ ಕಡೆಗೆ ಹೋಗಬೇಕು, ದೂರು ಹೊರಗಿನ ವೃತ್ತದ ಕಡೆಗೆ ಹೋಗಬೇಕು. ಅಂದರೆ ಅತ್ತೆ ಏನಂದರು ಎಂದು ಮಗಳು ತಾಯಿಗೆ ಹೇಳಬಾರದು, ತನ್ನ ಗೆಳತಿಗೆ ಹೇಳಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಆಗುವುದು ಬಹಳ ಸಲ ಇದರ ತಿರುಗುಮುರುಗು.

ಒಂದು ವಿಷಯದಲ್ಲಿ ಮಾತ್ರ ನಯವಾಗಿ ತಪ್ಪಿಸಿಕೊಂಡರೆ ಸಾಲದು. ಅದು ಆಸ್ತಿ. "ಎಲ್ಲಾ ಸೇರಿದೀವಿ, ಹೆಣ್ಣುಮಕ್ಕಳು ಒಂದು ಸಹಿ ಹಾಕ್ಬಿಟ್ರೆ ಮುಗೀತಲ್ಲ" ಎಂಬ ಮಾತು ತಿಥಿಯ ಊಟದ ನಂತರ ಬರುವುದುಂಟು. ಆಗ ಸ್ಪಷ್ಟವಾಗಿ ಹೇಳಬೇಕು: "ಅಣ್ಣ, ಸೂತಕ ಕಳೀಲಿ. ಈಗ ಯಾವ ಕಾಗದಕ್ಕೂ ನಾನು ಸಹಿ ಹಾಕಲ್ಲ." ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿ ಬಂದ ದಿನ ತಂದೆ ಬದುಕಿರದಿದ್ದರೂ ಆ ಹಕ್ಕು ಇದೆ ಎಂದು ಹೇಳಿತು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ರದ್ದು ಮಾಡಿಸುವುದು ಕೋರ್ಟು ಅಲೆಯುವ ಕೆಲಸ. ಸಾವಿನ ನಂತರ ಬೇಗ ಮಾಡಬೇಕಾದ ಕಾಗದದ ಕೆಲಸವೆಂದರೆ ಮರಣ ನೋಂದಣಿ, ಅದಕ್ಕೆ 21 ದಿನ ಕಾಲಾವಕಾಶವಿದೆ. ಆಸ್ತಿ ಪಾಲಿಗೆ ಹದಿಮೂರು ದಿನದ ಗಡುವು ಯಾವ ಕಾನೂನಿನಲ್ಲೂ ಇಲ್ಲ.

ಗಂಡನನ್ನು ಕಳೆದುಕೊಂಡವಳ ಕಾಲ್ಗುಣ ಎತ್ತಿ ಆಡುವ ಮಾತಿಗೂ, ಬಳೆ ಕುಂಕುಮ ತೆಗೆಸಲೇಬೇಕೆಂಬ ಹಟಕ್ಕೂ ಆಕೆ ಉತ್ತರ ಕೊಡಬೇಕಾಗಿ ಬರಬಾರದು. ಗಂಡನ ಮನೆಯ ಹಿರಿಯರೊಬ್ಬರು, ಮಾವನೋ ಭಾವನೋ, ಹಿಂದಿನ ದಿನವೇ ಅವಳ ಇಷ್ಟ ಕೇಳಿಕೊಂಡಿದ್ದು, "ಅವಳು ಹೆಂಗಿರ್ಬೇಕು ಅಂತ ಅವಳೇ ತೀರ್ಮಾನ ಮಾಡ್ತಾಳೆ, ನಮ್ಮ ಮನೇಲಿ ಇದನ್ನ ಮಾತಾಡೋದು ಬೇಡ" ಎಂದು ಎಲ್ಲರೆದುರು ಹೇಳಬೇಕು. ಇಲ್ಲಿ ಹಿರಿಯರು ಸುಮ್ಮನಿದ್ದರೆ ಅದು ಒಪ್ಪಿಗೆಯೇ ಆಗುತ್ತದೆ.

ಹತ್ತು ವರ್ಷದ ಹುಡುಗನಿಗೆ "ಇನ್ಮೇಲೆ ನೀನೇ ಯಜಮಾನ, ಅಳ್ಬಾರ್ದು" ಎಂದು ಯಾರಾದರೂ ಹೇಳಿದರೆ ಅವರನ್ನು ತಿದ್ದುವುದು ಬೇಡ. ರಾತ್ರಿ ಮಲಗುವಾಗ ಮಗುವಿಗೆ ಹೇಳಬೇಕು: ಅಳಬಹುದು, ಮನೆ ನೋಡಿಕೊಳ್ಳಲು ದೊಡ್ಡವರಿದ್ದಾರೆ. ತಿಂಗಳುಗಳು ಕಳೆದರೂ ಯಾರೋ ಅಂದ ಮಾತು ನಿದ್ದೆಗೆಡಿಸುತ್ತಿದ್ದರೆ, ಸಾವಿಗೆ ತಾನೇ ಕಾರಣ ಎಂಬ ಯೋಚನೆ ಬಿಡದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.