ರಾತ್ರಿ ಕರೆಂಟಿನ ವಾರದಲ್ಲಿ ಓದು

ಸವಣೂರಿನ ಹತ್ತಿರ ನಮ್ಮದು ಚಿಕ್ಕ ಎಲೆ ತೋಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ರಾತ್ರಿ ವಾರದಲ್ಲಿ ಹತ್ತರಿಂದ ಒಂದರವರೆಗೆ ನೀರು ತಿರುವುವ ಪಾಳಿ ನನ್ನದು, ಆಮೇಲೆ ಭಾಯಿಯದು. ನಾನು ಮಲಗುವಾಗ ಒಂದೂವರೆ, ಏಳುವುದು ಏಳಕ್ಕೆ. ನಮ್ಮ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ. ನನಗೆ ಸಿಗುವುದು ಐದೂವರೆ.

ಮೊದಲು ಎಲ್ಲ ವಾರಕ್ಕೂ ಒಂದೇ ವೇಳಾಪಟ್ಟಿ ಇತ್ತು: ಬೆಳಿಗ್ಗೆ ಐದಕ್ಕೆ ಎದ್ದು ಲೆಕ್ಕಶಾಸ್ತ್ರ. ರಾತ್ರಿ ವಾರದಲ್ಲಿ ಅದು ಆಗುತ್ತಿರಲಿಲ್ಲ, ಬಾಕಿಯೆಲ್ಲ ಭಾನುವಾರಕ್ಕೆ ಹೋಗುತ್ತಿತ್ತು. ಒಂದು ಸಲ ಹಟ ಹಿಡಿದು ಐದಕ್ಕೇ ಎದ್ದು, ಹೊಸ ಪಾಲುದಾರನ ಪ್ರವೇಶದ ಲೆಕ್ಕ ಮಾಡಿದೆ. ಕಟ್ಟಡ ₹1,00,000, ಮೌಲ್ಯ ಶೇಕಡಾ 10 ಹೆಚ್ಚಳ. ಆ ₹10,000 ಅನ್ನು ಮರುಮೌಲ್ಯಮಾಪನ ಖಾತೆಯ ಜಮಾ ಬದಿಗೆ ಬರೆಯುವ ಬದಲು ಖರ್ಚು ಬದಿಗೆ ಬರೆದೆ. ಬ್ಯಾಲೆನ್ಸ್ ಶೀಟಿನಲ್ಲಿ ₹20,000 ವ್ಯತ್ಯಾಸ. ಮುಕ್ಕಾಲು ಗಂಟೆ ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡಿ ಎದ್ದು ವ್ಯತ್ಯಾಸವನ್ನು ಅರ್ಧ ಮಾಡಿದೆ, ₹10,000 ಬಂತು. ಬದಿ ತಪ್ಪಿದರೆ ವ್ಯತ್ಯಾಸ ಎರಡು ಪಟ್ಟು ಆಗುತ್ತದೆ, ಇದು ನನಗೆ ಮೊದಲೇ ಗೊತ್ತಿದ್ದ ವಿಷಯ. ಗೊತ್ತಿದ್ದ ಪಾಠದಲ್ಲೇ ಹೀಗೆ ಬದಿ ತಪ್ಪತೊಡಗಿದರೆ ಅದು ನಿದ್ದೆಯ ತಪ್ಪು ಎಂದು ನಾನು ಈಗ ಗುರುತಿಸುತ್ತೇನೆ.

ಆದ್ದರಿಂದ ಈಗ ಎರಡು ವೇಳಾಪಟ್ಟಿಗಳಿವೆ. ಹಗಲು ವಾರದಲ್ಲಿ 12 ಗಂಟೆ ಓದು, ಹೊಸ ಅಧ್ಯಾಯಗಳೆಲ್ಲ ಆ ವಾರಕ್ಕೇ. ರಾತ್ರಿ ವಾರದಲ್ಲಿ 7 ಗಂಟೆ ಮಾತ್ರ. ಕಾಲೇಜಿನಿಂದ ಬಂದು ಅಲಾರಾಂ ಇಟ್ಟು 20 ನಿಮಿಷ ಮಲಗುತ್ತೇನೆ. ಎದ್ದ ಮೇಲೆ ಹಿಂದೆ ಮಾಡಿದ ಒಂದೇ ಲೆಕ್ಕವನ್ನು ಪುಸ್ತಕ ಮುಚ್ಚಿ ಮತ್ತೆ ಮಾಡುತ್ತೇನೆ. ವ್ಯವಹಾರ ಅಧ್ಯಯನವನ್ನು ಓದಿದರೆ ಕಣ್ಣು ಮುಚ್ಚುತ್ತದೆ, ಅದಕ್ಕೇ ಬರೆಯುತ್ತೇನೆ. ಭಾನುವಾರಕ್ಕೆ ಒಂದು ಕೆಲಸ ಮಾತ್ರ ಉಳಿಸಬಹುದು, ಉಳಿದದ್ದನ್ನು ಮುಂದಿನ ಹಗಲು ವಾರದಲ್ಲಿ ಬರೆದುಕೊಳ್ಳುತ್ತೇನೆ.

ತೋಟಕ್ಕೆ ಅಮ್ಮಿ ಫ್ಲಾಸ್ಕಿನಲ್ಲಿ ಚಹಾ ಕಳಿಸುತ್ತಿದ್ದರು. ಹನ್ನೊಂದಕ್ಕೆ ಕುಡಿದರೆ ಒಂದೂವರೆಗೆ ನಿದ್ದೆ ಬರುವುದಿಲ್ಲ, ಏಕೆಂದರೆ ಕೆಫೀನ್ ಐದು ಗಂಟೆಯ ನಂತರವೂ ಸುಮಾರು ಅರ್ಧ ಮೈಯಲ್ಲಿ ಉಳಿದಿರುತ್ತದೆ. ಈಗ ಚಹಾ ಭಾಯಿಗೆ ಮಾತ್ರ.

ಟೆಸ್ಟಿನ ಆತಂಕ ಇದ್ದಾಗ ಈ ಪಟ್ಟಿಯೂ ಸಾಲುವುದಿಲ್ಲ. ಆಗ ಪಾಳಿಯನ್ನೇ ಬದಲಿಸಬೇಕು. ಹಿಂದಿನ ರಾತ್ರಿ ಇಡೀ ಭಾಯಿ ನೋಡಿಕೊಳ್ಳುತ್ತಾರೆ, ಹಗಲು ವಾರದಲ್ಲಿ ಅವರ ಎರಡು ಪಾಳಿ ನಾನು ಮಾಡುತ್ತೇನೆ. ಅವತ್ತೇ ಕೇಳಿದರೆ ಅವರು ಬಯ್ಯುತ್ತಾರೆ, ನಾಲ್ಕು ದಿನ ಮೊದಲು ಕೇಳಿದರೆ ಒಪ್ಪುತ್ತಾರೆ.

ಹೆದ್ದಾರಿ ಢಾಬಾದಲ್ಲಿ ರಾತ್ರಿ ಕೆಲಸ ಮಾಡುವ ಶಿಗ್ಗಾಂವಿಯ ಗೆಳೆಯ ನನ್ನ ಪಟ್ಟಿಯನ್ನು ಹಾಗೆಯೇ ಬರೆದುಕೊಂಡ. ಅವನಿಗೆ ಹೊಂದಲಿಲ್ಲ. ಅವನ ಪಾಳಿ ಮುಗಿಯುವುದೇ ನಸುಕಿಗೆ, ನಾಲ್ಕು ಗಂಟೆಯೂ ನಿದ್ದೆ ಸಿಗುವುದಿಲ್ಲ. ಅಂಥ ದಿನ ಅವನು ಪುಸ್ತಕ ಮುಟ್ಟುವುದಿಲ್ಲ, ಬೈಕನ್ನೂ ಓಡಿಸುವುದಿಲ್ಲ, ಬಸ್ಸಿಗೆ ಬರುತ್ತಾನೆ.