ನಾಯಿಯ ರಕ್ತಪರೀಕ್ಷೆಯ ವರದಿಯನ್ನು ಓದುವ ಕ್ರಮ

ಸಿದ್ದಾಪುರ ತಾಲೂಕಿನ ತ್ಯಾಗಲಿಯ ಕಡೆಯ ಅಡಿಕೆ ತೋಟಿಗರಲ್ಲಿ ನಾಯಿ ಇಲ್ಲದ ಮನೆಯು ವಿರಳ. ಮಂಗಗಳನ್ನೂ ಕಾಡುಹಂದಿಗಳನ್ನೂ ತೋಟದಿಂದ ಅಟ್ಟುವ ಕೆಲಸವು ಬಹುಮಟ್ಟಿಗೆ ಅದರದೇ. ಆ ನಾಯಿಯು ಕಾಯಿಲೆ ಬಿದ್ದಾಗ ಈಗ ಶಿರಸಿಯಲ್ಲಿಯೋ ಸಿದ್ದಾಪುರದಲ್ಲಿಯೋ ರಕ್ತವನ್ನು ಪರೀಕ್ಷೆ ಮಾಡಿಸುವ ರೂಢಿಯು ಬಂದಿದೆ. ಆದರೆ ಕೈಗೆ ಬರುವ ವರದಿಯು ಇಂಗ್ಲೀಷಿನಲ್ಲಿರುವುದರಿಂದ ಅದನ್ನು ಓದಿ ಹೇಳೆಂದು ನಮ್ಮಂಥವರ ಬಳಿಗೆ ತರುವುದುಂಟು. ನಾನು ಬೇಸಾಯದ ಇಲಾಖೆಯವನೇ ಹೊರತು ಪಶುವೈದ್ಯನಲ್ಲ. ಆದರೂ ಇಂಥ ಕಾಗದಗಳನ್ನು ಅನೇಕ ಸಲ ನೋಡಿ, ಪಶುವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಒಂದು ನಾಯಿಯ ದೃಷ್ಟಾಂತದ ಮೂಲಕ ಇಲ್ಲಿ ನಿರೂಪಿಸುತ್ತೇನೆ.

ಕೊನೆಕೊಯ್ಲಿನ ಕಾಲದಲ್ಲಿ ಹೆಗಡೆಯವರೊಬ್ಬರು ಒಂದು ವರದಿಯನ್ನು ಹಿಡಿದುಕೊಂಡು ಬಂದರು. ಅವರ ನಾಯಿಗೆ 6 ವರ್ಷ. ತೂಕ 16 ಕಿಲೋ. ಹತ್ತು ದಿನಗಳಿಂದ ಅನ್ನ ಮುಟ್ಟಿರಲಿಲ್ಲ; ಒಸಡು ಬಿಳಿಚಿಕೊಂಡಿತ್ತು; ಮಲವು ಡಾಂಬರಿನಂತೆ ಕಪ್ಪಾಗಿತ್ತು. “ಸಾಹೇಬರೇ, ಯೂರಿಯಾ ಇಮ್ಮಡಿಗಿಂತ ಹೆಚ್ಚಿದೆಯಂತೆ, ಲಿವರೂ ಕೆಟ್ಟಿದೆಯಂತೆ. ಕಿಡ್ನಿ ಹೋದ ಮೇಲೆ ಔಷಧ ಮಾಡಿ ಉಪಯೋಗವೇನು?” ಎಂದು ಅವರು ಕೇಳಿದರು. ನಾಯಿಯ ಆಸೆಯನ್ನು ಅವರು ಬಿಟ್ಟೇ ಬಂದಿದ್ದರೆಂದು ಹೇಳಬಹುದು.

ವರದಿಯಲ್ಲಿ ಮೊದಲು ನೋಡತಕ್ಕದ್ದು ಅಂಕೆಯನ್ನಲ್ಲ, ಅಂಕೆಯ ಪಕ್ಕದಲ್ಲಿ ಅಚ್ಚಾಗಿರುವ ಸಾಧಾರಣ ಮಿತಿಯನ್ನು. ಸಣ್ಣ ಊರುಗಳಲ್ಲಿ ನಾಯಿಯ ರಕ್ತವನ್ನು ಮನುಷ್ಯರ ಪ್ರಯೋಗಾಲಯದಲ್ಲಿಯೇ ಯಂತ್ರಕ್ಕೆ ಹಾಕುವುದು ಹೆಚ್ಚು. ಯಂತ್ರವು ಅಚ್ಚು ಮಾಡುವ ಮಿತಿಗಳು ಮನುಷ್ಯನವು. ಮೇಲೆ ಹೇಳಿದ ವರದಿಯೂ ಅಂಥದೇ. ಅದರಲ್ಲಿ ಬಿಳಿಯ ರಕ್ತಕಣಗಳು 5,400 ಎಂದಿತ್ತು. ಮನುಷ್ಯನಿಗೆ 4,000ದಿಂದ 11,000ದ ವರೆಗೆ ಸರಿ. ಆದುದರಿಂದ ಅಲ್ಲಿ ಯಾವ ಗುರುತೂ ಬಿದ್ದಿರಲಿಲ್ಲ. ನಾಯಿಗಾದರೋ 6,000ಕ್ಕೆ ಕಡಮೆಯಾದರೆ ಕೊರತೆಯೆಂದೇ ಎಣಿಸಬೇಕು. ಇದಕ್ಕೆ ವಿರುದ್ಧವಾಗಿ, ಒಂದೊಂದು ಕೆಂಪುಕಣದ ಗಾತ್ರವನ್ನು ಹೇಳುವ ಎಂ.ಸಿ.ವಿ. ಎಂಬ ಸಾಲಿನಲ್ಲಿ 66 ಎಂದಿದ್ದು, ‘ಕಡಮೆ’ ಎಂದು ಗುರುತು ಬಿದ್ದಿತ್ತು. ಇದನ್ನು ನೋಡಿ ಯಾರೋ ಕಬ್ಬಿಣದ ಟಾನಿಕ್ಕನ್ನು ಕೊಡಲು ಹೇಳಿದ್ದರು. ನಾಯಿಯ ಕೆಂಪುಕಣವು ಹುಟ್ಟಿನಿಂದಲೇ ಮನುಷ್ಯನದಕ್ಕಿಂತ ಚಿಕ್ಕದು. 60ರಿಂದ 77ರ ವರೆಗೆ ಇದ್ದರೆ ಅದಕ್ಕೆ ಸರಿಯೇ. ಇಲ್ಲದ ರೋಗಕ್ಕೆ ಔಷಧ, ಇರುವ ರೋಗದ ಮೇಲೆ ಮೌನ! ಆದುದರಿಂದ ವರದಿಯ ತಲೆಯಲ್ಲಿ ನಾಯಿಯ ಮಿತಿಗಳಿವೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲವಾದರೆ ಯಂತ್ರದ ಗುರುತುಗಳನ್ನು ಹೊಡೆದುಹಾಕಿ ಬರಿಯ ಅಂಕೆಗಳನ್ನೇ ಓದಬೇಕು.

ಇನ್ನು ರಕ್ತಕಣಗಳ ಸಂಗತಿ. ಹೆಗಡೆಯವರ ನಾಯಿಯ ಹಿಮೊಗ್ಲೋಬಿನ್ 6.4, ನಾಯಿಗೆ ಸಾಧಾರಣವಾಗಿ 12ರಿಂದ 18 ಇರಬೇಕು. ಪಿ.ಸಿ.ವಿ., ಎಂದರೆ ನೂರು ಭಾಗ ರಕ್ತದಲ್ಲಿ ಕೆಂಪುಕಣಗಳು ಎಷ್ಟು ಭಾಗವೆಂಬ ಲೆಕ್ಕ, 19. ಇರಬೇಕಾದುದು 37ರಿಂದ 55. ರಕ್ತವು ಅರ್ಧಕ್ಕೆ ಇಳಿದಿದೆಯೆಂಬುದು ಸ್ಪಷ್ಟ. ಆದರೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದರ ಕೆಳಗಿತ್ತು: ಪ್ಲೇಟ್ಲೆಟ್ 28,000. ಗಾಯವಾದಲ್ಲಿ ರಕ್ತವನ್ನು ಕಟ್ಟಿ ನಿಲ್ಲಿಸುವ ಈ ಸಣ್ಣ ಕಣಗಳು ಆರೋಗ್ಯವಂತ ನಾಯಿಯಲ್ಲಿ ಒಂದು ಘನ ಮಿಲಿಮೀಟರಿಗೆ ಸುಮಾರು ಎರಡರಿಂದ ಐದು ಲಕ್ಷ ಇರುತ್ತವೆ. 30,000ಕ್ಕಿಂತ ಕೆಳಗಾದಾಗ ಗಾಯವಿಲ್ಲದೆಯೇ ಒಳಗೊಳಗೆ ರಕ್ತ ಒಸರುವ ಭಯವುಂಟು.

ಈ ಅಂಕೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ರಕ್ತವನ್ನು ತೆಗೆಯುವಾಗ ಸೂಜಿಯನ್ನು ಹುಡುಕಾಡಿಸಿದರೆ, ಅಥವಾ ನೇರಳೆ ಮುಚ್ಚಳದ ಕೊಳವೆಯಲ್ಲಿ ತುಂಬಿದ ಕೂಡಲೆ ಹತ್ತು ಸಲ ಮೆಲ್ಲನೆ ಮಗುಚದೆ ಬಿಟ್ಟರೆ, ಪ್ಲೇಟ್ಲೆಟ್ಟುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಯಂತ್ರವು ಗಂಟನ್ನು ಎಣಿಸಲಾರದೆ ‘ಕಡಮೆ’ ಎಂದು ಬರೆಯುತ್ತದೆ. ಇದನ್ನು ಪರಿಹರಿಸುವ ಉಪಾಯ ಹಳೆಯದೇ. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಬಳಿದು, ಬಣ್ಣ ಕಟ್ಟಿಸಿ, ಸೂಕ್ಷ್ಮದರ್ಶಕದಲ್ಲಿ ಎಣ್ಣೆಹನಿಯ ಮಸೂರದಿಂದ ನೋಡಬೇಕು. ಒಂದು ನೋಟದಲ್ಲಿ ಕಾಣುವ ಒಂದು ಪ್ಲೇಟ್ಲೆಟ್ಟನ್ನು ಸುಮಾರು 15,000ಕ್ಕೆ ಸಮವೆಂದು ಹಿಡಿಯುವರು. ಈ ನಾಯಿಯ ಪಟ್ಟಿಯಲ್ಲಿ ಗಂಟುಗಳಿರಲಿಲ್ಲ. ನೋಟಕ್ಕೆ ಎರಡರಂತೆ ಕಂಡವು. ಎಂದರೆ 30,000, ಯಂತ್ರದ ಲೆಕ್ಕಕ್ಕೆ ತಾಳೆಯಾಯಿತು. ಕೊರತೆಯು ನಿಜವಾದುದೇ.

ಈಗ ಹೆಗಡೆಯವರನ್ನು ಹೆದರಿಸಿದ ಸಾಲಿಗೆ ಬರೋಣ. ಯೂರಿಯಾ 92 ಎಂದಿತ್ತು. ಇಲ್ಲಿ ಒಂದು ಎಚ್ಚರಿಕೆ: ಕೆಲವು ಪ್ರಯೋಗಾಲಯಗಳು ಯೂರಿಯಾವನ್ನೂ, ಕೆಲವು ಅದರೊಳಗಿನ ಸಾರಜನಕವನ್ನು ಮಾತ್ರ ಬಿ.ಯು.ಎನ್. ಎಂಬ ಹೆಸರಿನಿಂದಲೂ ಕೊಡುತ್ತವೆ. ಬಿ.ಯು.ಎನ್. ಅಂಕೆಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಬರುತ್ತದೆ. ನಾಯಿಗೆ ಯೂರಿಯಾ ಸುಮಾರು 58ರ ವರೆಗೆ ಇರಬಹುದು. ಆದುದರಿಂದ 92 ಎಂಬುದು ಹೆಚ್ಚೇ ಸರಿ, ಆದರೆ ಮನುಷ್ಯನ ಮಿತಿಯಾದ 40ಕ್ಕೆ ಹೋಲಿಸಿದಾಗ ಕಾಣುವಷ್ಟು ಭಯಂಕರವಲ್ಲ. ಮುಖ್ಯವಾಗಿ, ಅದರ ಜೊತೆಯ ಕ್ರಿಯೇಟಿನಿನ್ 1.1 ಮಾತ್ರ ಇತ್ತು. ಇದು ಸರಿಯಾದ ಮಿತಿಯೊಳಗಿನದು. ಮೂತ್ರಪಿಂಡಗಳು ಕೆಟ್ಟಾಗ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಏರುತ್ತವೆ. ಯೂರಿಯಾ ಒಂದೇ ಏರಿದರೆ ಅದು ಬೇರೆಲ್ಲಿಂದ ಬಂದಿತೆಂದು ಯೋಚಿಸಬೇಕು. ಯೂರಿಯಾ ಎಂಬುದು ದೇಹವು ಮಾಂಸಾಂಶವನ್ನು ಅರಗಿಸಿದಾಗ ಉಳಿಯುವ ಕಸ. ಹೊಟ್ಟೆಯಲ್ಲಿ ರಕ್ತ ಒಸರಿದರೆ ಆ ರಕ್ತವೂ ಮಾಂಸದಂತೆಯೇ ಅರಗಿ ಯೂರಿಯಾವಾಗುತ್ತದೆ. ಡಾಂಬರಿನಂಥ ಮಲವು ಅರಗಿದ ರಕ್ತದ ಬಣ್ಣವೇ ಆಗಿದ್ದಿತು. ವಿಚಾರಿಸಿದಾಗ, ಮೈಕೈ ನೋವೆಂದು ಮನೆಯವರು ನುಂಗುವ ಗುಳಿಗೆಯನ್ನು ನಾಯಿಗೂ ಎರಡು ದಿನ ಕೊಟ್ಟುದಾಗಿ ಹೆಗಡೆಯವರು ಒಪ್ಪಿಕೊಂಡರು. ಆ ಜಾತಿಯ ಗುಳಿಗೆಗಳು ನಾಯಿಯ ಜಠರವನ್ನು ಹುಣ್ಣು ಮಾಡುವುವು. ಪ್ಲೇಟ್ಲೆಟ್ ಇಲ್ಲದಾಗ ಆ ಹುಣ್ಣಿನ ರಕ್ತವು ನಿಲ್ಲುವುದೇ ಇಲ್ಲ. ಹೀಗೆ ಕಿಡ್ನಿಯ ಸಾಲಿನಲ್ಲಿದ್ದ ಅಂಕೆಯು ಹೊಟ್ಟೆಯ ಸುದ್ದಿಯನ್ನು ಹೇಳುತ್ತಿತ್ತು.

ಆದರೂ ಕ್ರಿಯೇಟಿನಿನ್ ಸರಿಯಿದೆಯೆಂದ ಮಾತ್ರಕ್ಕೆ ಮೂತ್ರಪಿಂಡಗಳು ಸರಿಯಿವೆಯೆಂದು ನಿಶ್ಚಯಿಸಕೂಡದು. ಅವುಗಳ ಶಕ್ತಿಯಲ್ಲಿ ಮುಕ್ಕಾಲು ಪಾಲು ನಷ್ಟವಾಗುವ ತನಕ ಆ ಅಂಕೆಯು ಸ್ಪಷ್ಟವಾಗಿ ಏರದಿರುವುದುಂಟು. ಸೊರಗಿದ ನಾಯಿಯಲ್ಲಿ ಸ್ನಾಯುವೇ ಕಡಮೆಯಾದುದರಿಂದ ಇನ್ನೂ ಇಳಿದೇ ತೋರುತ್ತದೆ. ಇದಕ್ಕೆ ಸಾಕ್ಷಿ ಹೇಳತಕ್ಕದ್ದು ಮೂತ್ರ. ಹನಿಸಿ ನೀರು ಕೊಡುವುದಕ್ಕೆ ಮುಂಚೆ ಹಿಡಿದ ಮೂತ್ರದ ಸಾಂದ್ರತೆ 1.030ಕ್ಕೆ ಮೇಲಿದ್ದರೆ, ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಕೆಲಸವನ್ನು ಮಾಡುತ್ತಿವೆಯೆಂದು ತಿಳಿಯಬೇಕು. ಈ ನಾಯಿಯದು 1.038 ಬಂದಿತು. ಯೂರಿಯಾ, ಕ್ರಿಯೇಟಿನಿನ್ ಎರಡೂ ಏರಿ, ಮೂತ್ರವು ನೀರಿನಂತೆ 1.010ರ ಆಸುಪಾಸಿನಲ್ಲಿದ್ದಿದ್ದರೆ ಹೆಗಡೆಯವರ ಚಿಂತೆಗೆ ಆಧಾರವಿರುತ್ತಿತ್ತು.

ಲಿವರಿನ ಸಾಲುಗಳನ್ನು ಬೇಗನೆ ದಾಟಬಹುದು. ಎಸ್.ಜಿ.ಪಿ.ಟಿ. ಅಥವಾ ಎ.ಎಲ್.ಟಿ. ಎಂಬುದು ಲಿವರಿನ ಕಣಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ. ಇಲ್ಲಿ 118; ನಾಯಿಯ ಮಿತಿಯಾದ 100ಕ್ಕಿಂತ ತುಸು ಹೆಚ್ಚು. ಇಷ್ಟು ಏರಿಕೆಯು ರಕ್ತಹೀನತೆಯಿಂದ ಪ್ರಾಣವಾಯು ಸಾಲದೆ ಹೋದಾಗಲೂ ಆಗುವುದು. ಎ.ಎಲ್.ಪಿ. 286, ಸುಮಾರು 150ರ ವರೆಗೆ ಇರಬಹುದಾದುದು. ನಾಯಿಗಳಲ್ಲಿ ಈ ಕಿಣ್ವಕ್ಕೆ ಒಂದು ವಿಶೇಷ ಗುಣವುಂಟು: ಸ್ಟಿರಾಯಿಡ್ ಚುಚ್ಚುಮದ್ದು ಕೊಟ್ಟರೆ ಲಿವರು ಅದನ್ನು ತಾನಾಗಿ ಹೆಚ್ಚಾಗಿ ತಯಾರಿಸುತ್ತದೆ, ಮತ್ತು ಆ ಏರಿಕೆಯು ವಾರಗಟ್ಟಲೆ ಉಳಿಯಬಹುದು. ಆದುದರಿಂದ ಹಿಂದೆ ಕೊಟ್ಟ ಔಷಧಗಳ ಚೀಟಿಯನ್ನು ವರದಿಯ ಜೊತೆಗಿಟ್ಟು ಓದಬೇಕು. ಬಿಲಿರುಬಿನ್ 0.4 ಮಾತ್ರ ಇದ್ದುದರಿಂದ ಇಲ್ಲಿ ಕಾಮಾಲೆಯ ಮಾತೇ ಇರಲಿಲ್ಲ. ಮನೆಯಲ್ಲಿ ಅರೆದು ಕುಡಿಸುತ್ತಿದ್ದ ಕಾಮಾಲೆಯ ಬೇರಿಗೂ ಕೆಲಸವಿರಲಿಲ್ಲ.

ಹೆಚ್ಚಿನವರು ಓದದೆ ಬಿಡುವ ಒಂದು ಸಾಲು ಗ್ಲೋಬ್ಯುಲಿನ್. ಇಲ್ಲಿ 5.6 ಇತ್ತು, 4.5ನ್ನು ಮೀರಬಾರದು. ಬಹುಕಾಲದಿಂದ ಯಾವುದೋ ರೋಗಾಣುವಿನೊಡನೆ ದೇಹವು ಹೋರಾಡುತ್ತಿದೆಯೆಂಬುದಕ್ಕೆ ಇದು ಗುರುತು. ಎಳೆಯ ಕೆಂಪುಕಣಗಳನ್ನು ಎಣಿಸಲಾಗಿ ನೂರಕ್ಕೆ ಒಂದೇ ಸಿಕ್ಕಿತು. ಒಟ್ಟು ಕೆಂಪುಕಣಗಳು 29 ಲಕ್ಷ. ಅದರಲ್ಲಿ ನೂರಕ್ಕೊಂದರಂತೆ 29,000. ರಕ್ತ ಹೋಗಿ ಐದಾರು ದಿನಗಳು ಕಳೆದ ಮೇಲೆ 60,000ಕ್ಕೆ ಮೇಲೆ ಇರಬೇಕಾಗಿತ್ತು. ಎಂದರೆ ರಕ್ತವನ್ನು ಹುಟ್ಟಿಸುವ ಮಜ್ಜೆಯೇ ಸೋತಿದೆ. ಬಿಳಿಕಣ, ಕೆಂಪುಕಣ, ಪ್ಲೇಟ್ಲೆಟ್ ಮೂರೂ ಇಳಿದು ಗ್ಲೋಬ್ಯುಲಿನ್ ಏರಿದಾಗ ನಮ್ಮ ಸೀಮೆಯಲ್ಲಿ ಮೊದಲು ಸಂಶಯಪಡಬೇಕಾದುದು ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರವನ್ನು. ಉಣುಗೇ ತರುವ ಬಬೇಸಿಯಾ ಎಂಬ ಇನ್ನೊಂದು ರೋಗದಲ್ಲಿ ಕೆಂಪುಕಣಗಳು ಒಡೆಯುವುದರಿಂದ ಎಳೆಯ ಕಣಗಳು ಹೆಚ್ಚುತ್ತವೆ, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದೂ ಉಂಟು. ಅದರ ಔಷಧವೇ ಬೇರೆ. ಗಾಜಿನ ಪಟ್ಟಿಯಲ್ಲಿ ಬಬೇಸಿಯಾ ಕಾಣಲಿಲ್ಲ. ಎರ್ಲಿಕಿಯಾ ಪಟ್ಟಿಯಲ್ಲಿ ಸಿಕ್ಕುವುದು ಅಪರೂಪವಾದುದರಿಂದ ಪಿ.ಸಿ.ಆರ್. ಪರೀಕ್ಷೆಗೆ ರಕ್ತವನ್ನು ಕಳುಹಿಸಲಾಯಿತು. ಅದು ಇದೆಯೆಂದೇ ಬಂದಿತು.

ಮಳೆಗಾಲದ ವರದಿಗಳಲ್ಲಿ ಮಾತ್ರ ಇನ್ನೊಂದು ಕೂಟವನ್ನು ಮರೆಯಬಾರದು. ಕ್ರಿಯೇಟಿನಿನ್, ಎ.ಎಲ್.ಪಿ., ಬಿಲಿರುಬಿನ್ ಈ ಮೂರೂ ಒಟ್ಟಿಗೆ ಏರಿ, ಪ್ಲೇಟ್ಲೆಟ್ ಇಳಿದಿದ್ದರೆ ಅದು ಇಲಿಜ್ವರವಾಗಿರಬಹುದು. ಆ ನಾಯಿಯ ಮೂತ್ರದಿಂದ ಮನೆಯವರಿಗೂ ರೋಗವು ಅಂಟುತ್ತದೆ. ಪರೀಕ್ಷೆಯು ಮುಗಿಯುವ ತನಕ ಅದರ ಮೂತ್ರವನ್ನು ಬರಿಗೈಯಿಂದ ಬಳಿಯಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಹೆಗಡೆಯವರ ನಾಯಿಗೆ ಪಶುವೈದ್ಯರು ನೋವಿನ ಗುಳಿಗೆಯನ್ನು ನಿಲ್ಲಿಸಿ, ಹೊಟ್ಟೆಹುಣ್ಣಿಗೆ ಔಷಧವನ್ನೂ, ಕಿಲೋವಿಗೆ 10 ಮಿಲಿಗ್ರಾಮಿನಂತೆ ದಿನಕ್ಕೆ 160 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ನನ್ನೂ 28 ದಿನ ಕೊಡಲು ಬರೆದರು. ಗುಳಿಗೆಯು ಗಂಟಲಲ್ಲಿ ನಿಂತು ಸುಡದಂತೆ ಅನ್ನದೊಡನೆ ಕೊಟ್ಟು ನೀರು ಕುಡಿಸಬೇಕೆಂದೂ ಹೇಳಿದರು. ಹತ್ತನೆಯ ದಿನದ ವರದಿಯಲ್ಲಿ ಪ್ಲೇಟ್ಲೆಟ್ 1,10,000 ಆಗಿದ್ದಿತು, ಯೂರಿಯಾ 36ಕ್ಕೆ ಇಳಿದಿತ್ತು, ಪಿ.ಸಿ.ವಿ. ಮಾತ್ರ 21. ಕೆಂಪುಕಣಗಳು ಹೀಗೆ ನಿಧಾನವಾಗಿ ಏರುವುದನ್ನು ನೋಡಿ ಔಷಧವನ್ನು ಬದಲಿಸುವ ಅವಸರ ಬೇಡ. ತಿಂಗಳು ಕಳೆದಾಗ ಪಿ.ಸಿ.ವಿ. 33, ಪ್ಲೇಟ್ಲೆಟ್ 2,30,000. ಗ್ಲೋಬ್ಯುಲಿನ್ ಇನ್ನೂ 4.9ರಲ್ಲಿಯೇ ಇತ್ತು, ಅದು ಇಳಿಯುವುದಕ್ಕೆ ತಿಂಗಳುಗಳೇ ಬೇಕು. ಅದಕ್ಕಾಗಿ ಮೂರನೆಯ ತಿಂಗಳಲ್ಲಿ ಇನ್ನೊಮ್ಮೆ ರಕ್ತವನ್ನು ತೆಗೆಸಬೇಕೆಂದು ಗೊತ್ತಾಯಿತು. ಈ ಸಲ ಕೊಳವೆಯನ್ನು ಹತ್ತು ಸಲ ಮಗುಚುವ ಕೆಲಸವನ್ನು ಹೆಗಡೆಯವರು ತಾವೇ ವಹಿಸಿಕೊಂಡಿದ್ದಾರೆ.